ಮನೆವಾರ್ತೆ: ಎಣ್ಣೆಯ ಸೀಸೆಯೂ ಹಿತವಚನವೂ

ತಿಪಟೂರು ಸೀಮೆಯಲ್ಲಿ ತೆಂಗಿನ ವಿಷಯವಾಗಿ ಸುಳ್ಳಾಡಿ ದಕ್ಕಿಸಿಕೊಳ್ಳುವುದು ಸುಲಭವಲ್ಲ. ಹಾಲ್ಕುರಿಕೆಯಂತಹ ಊರಿನಲ್ಲಿ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ಉಂಡೆ ಕೊಬ್ಬರಿಯು ಚಿಪ್ಪನ್ನು ಬಿಟ್ಟಿದೆಯೆ ಇಲ್ಲವೆ ಎಂಬುದನ್ನು ಹುಡುಗರು ಕೂಡ ಹೇಳಬಲ್ಲರು. ಕೊಬ್ಬರಿಯು ಮಂಡಿಗೆ ಹೋದ ಮೇಲೆಯೂ ಒಂದು ಸಂಗತಿಯು ಯಾರಿಗೂ ಗುಟ್ಟಾಗಿರುವುದಿಲ್ಲ. ಎದುರಿಗೆ ಕುಳಿತಿರುವಾತನು ಕೊಳ್ಳುವವನೆ, ಮಾರುವವನೆ, ಅಥವಾ ನಡುವೆ ನಿಂತು ದಲ್ಲಾಳಿಯನ್ನು ಪಡೆಯುವವನೆ ಎಂಬುದು ಎಲ್ಲರಿಗೂ ಗೊತ್ತು. “ಈ ದಿನವೇ ಕೊಟ್ಟುಬಿಡಿ, ನಾಳೆ ದರ ಇಳಿಯುವುದು” ಎಂದು ಆತನು ಹೇಳಿದರೆ, ರೈತನು ಆ ಮಾತನ್ನು ದಲ್ಲಾಳಿಯ ಮಾತೆಂದೇ ತೂಗುವನು. ಅದು ನಿಜವೂ ಇರಬಹುದು. ಆದರೆ ತೂಗುವ ತಕ್ಕಡಿ ಬೇರೆ.

ಈ ತಿಂಗಳು ನಾವು ಬರೆಯಹೊರಟಿರುವುದು ಈ ತಕ್ಕಡಿಯನ್ನು ಕುರಿತೇ. ಈಗ ಎಲ್ಲರ ಕೈಯಲ್ಲಿಯೂ ಇರುವ ಮೊಬೈಲಿನಲ್ಲಿ ಆರೋಗ್ಯವನ್ನು ಬೋಧಿಸುವ ಸೋದರ ಸೋದರಿಯರು ಹಲವರಾಗಿದ್ದಾರೆ. “ಹೆಲ್ತ್ ಕೋಚ್” ಎಂದು ಅವರು ಕರೆಯಿಸಿಕೊಳ್ಳುವರು. ನಾವು ಆರೋಗ್ಯ ಮಾರ್ಗದರ್ಶಿಗಳೆನ್ನೋಣ. ಬೆಳಗಿನ ನಡಿಗೆ, ರಾಗಿ ಅಂಬಲಿ, ಹೊತ್ತಿಗೆ ಸರಿಯಾದ ನಿದ್ರೆ ಮುಂತಾದ ಅವರ ಉಪದೇಶವು ಬಹುಮಟ್ಟಿಗೆ ಒಳ್ಳೆಯದೇ. ಆದರೆ ಅದೇ ಬಾಯಿಯಿಂದ, ಅದೇ ಆಪ್ತವಾದ ಧ್ವನಿಯಲ್ಲಿ, “ನಾನು ಬಳಸುವ ಎಣ್ಣೆಯು ಇದು” ಎಂಬ ಮಾತೂ ಬರುವುದು. ಹಿಂದಿನ ಮಾಸಪತ್ರಿಕೆಗಳಲ್ಲಿ ಟಾನಿಕ್ಕುಗಳ ಪ್ರಕಟನೆಗಳು ಬೇಕಾದಷ್ಟು ಇರುತ್ತಿದ್ದವು. ಅವುಗಳಲ್ಲಿ ಉತ್ಪ್ರೇಕ್ಷೆಗೇನೂ ಕಡಮೆಯಿರಲಿಲ್ಲ. ಆದರೂ ಸುತ್ತಲೂ ಗೆರೆ ಎಳೆದ ಚೌಕದೊಳಗೆ ಅವು ಇರುತ್ತಿದ್ದುದರಿಂದ, ಓದುವವರಿಗೆ ಇದು ವ್ಯಾಪಾರದ ಮಾತೆಂಬುದು ಕಣ್ಣಿಗೇ ತಿಳಿಯುತ್ತಿದ್ದಿತು. ಈಗ ಆ ಗೆರೆಯು ಅಳಿಸಿಹೋಗಿದೆ. ಅದನ್ನು ಪುನಃ ಎಳೆಯತಕ್ಕವರು ಮಾತನಾಡುವವರೇ ಎಂದು ನಮ್ಮ ದೇಶದ ಕಾನೂನು ಈಗ ಹೇಳುತ್ತಿದೆ.

ಮಾತು ಬರಿದೇ ಗಾಳಿಯಲ್ಲಿ ನಿಲ್ಲದಂತೆ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಹಾಲ್ಕುರಿಕೆಯಲ್ಲಿ ಒಬ್ಬ ಸೋದರಿಯಿದ್ದಾಳೆ ಎಂದುಕೊಳ್ಳಿ. ಆಕೆ ಯೋಗಾಸನದ ಶಿಕ್ಷಣದಲ್ಲಿ ಪ್ರಮಾಣಪತ್ರವನ್ನು ಪಡೆದವಳು. ಮೊಬೈಲಿನ ಮೂಲಕ ಕೆಲವು ಸಾವಿರ ಮಂದಿಗೆ ಪರಿಚಿತಳು. ತಿಂಗಳಿಗೆ ಇಷ್ಟೆಂದು ಶುಲ್ಕವನ್ನು ತೆಗೆದುಕೊಂಡು ಮೂವತ್ತು ನಲವತ್ತು ಮಂದಿಗೆ ಆಹಾರಕ್ರಮವನ್ನು ಹೇಳಿಕೊಡುವವಳು. ಆಕೆಯ ತಮ್ಮನು ತೋಟದ ಹಸಿ ಕಾಯಿಯನ್ನು ತುರಿದು ಹಾಲು ತೆಗೆದು, ಅದರಿಂದ ಬೇರ್ಪಡಿಸಿದ ಎಣ್ಣೆಯನ್ನು ಸೀಸೆಗೆ ತುಂಬಿ ಮಾರುತ್ತಾನೆ. ಇದಕ್ಕೆ ಅಂಗಡಿಯವರು ವರ್ಜಿನ್ ತೆಂಗಿನೆಣ್ಣೆ ಎನ್ನುವರು. ತಮ್ಮನು ಅಕ್ಕನಿಗೆ ಹಣವನ್ನು ಕೊಟ್ಟಿಲ್ಲ. ತಿಂಗಳಿಗೆ ಆರು ಸೀಸೆ ಎಣ್ಣೆಯನ್ನು ಕೊಡುತ್ತಾನೆ. ಆಕೆಯ ಹೆಸರಿನ ರಿಯಾಯಿತಿ ಸಂಕೇತವನ್ನು ಹಾಕಿ ಯಾರಾದರೂ ಕೊಂಡರೆ, ಮಾರಿದ ಬೆಲೆಯಲ್ಲಿ ನೂರಕ್ಕೆ ಹತ್ತರಷ್ಟು ಆಕೆಯ ಲೆಕ್ಕಕ್ಕೆ ಹೋಗುತ್ತದೆ. ಆಕೆ ಒಂದು ನಿಮಿಷದ ವೀಡಿಯೊದಲ್ಲಿ ಹೀಗೆ ಹೇಳುತ್ತಾಳೆ:

“ಸ್ನೇಹಿತರೇ, ದಿನವೂ ಬೆಳಗ್ಗೆ ಬರಿಯ ಹೊಟ್ಟೆಯಲ್ಲಿ ಎರಡು ದೊಡ್ಡ ಚಮಚ ಈ ಎಣ್ಣೆಯನ್ನು ಕುಡಿಯಿರಿ. ಮೂರು ತಿಂಗಳಲ್ಲಿ ನಾನು ಆರು ಕಿಲೋ ಇಳಿದೆನು. ಇದರಲ್ಲಿ ಕೊಲೆಸ್ಟರಾಲ್ ಇಲ್ಲ, ಹೃದಯಕ್ಕೆ ಬಹಳ ಹಿತ. ಸಕ್ಕರೆ ಕಾಯಿಲೆಯೂ ಹತೋಟಿಗೆ ಬರುತ್ತದೆ. ಕೆಳಗಿರುವ ಸಂಕೇತವನ್ನು ಹಾಕಿದರೆ ನಿಮಗೆ ರಿಯಾಯಿತಿಯುಂಟು.”

ಇದರಲ್ಲಿ ಕೆಟ್ಟ ಮನಸ್ಸು ಎಲ್ಲಿಯೂ ಇಲ್ಲವೆಂಬುದನ್ನು ಗಮನಿಸಬೇಕು. ತಮ್ಮನ ಎಣ್ಣೆ ಚೊಕ್ಕವಾದುದು. ಅಕ್ಕನು ಇಳಿದುದೂ ನಿಜ. ಹೀಗಿದ್ದರೂ ಆಕೆಯ ಮೇಲೆ ಎರಡು ಋಣಗಳು ಉಳಿದಿವೆ. ತನಗೂ ಈ ಸೀಸೆಗೂ ಇರುವ ಸಂಬಂಧವನ್ನು ಹೇಳುವುದು ಒಂದು. ಹೇಳಿದ ಗುಣಗಳು ನಿಜವೆ ಎಂದು ನೋಡುವುದು ಮತ್ತೊಂದು. ಒಂದನ್ನು ತೀರಿಸಿದರೆ ಇನ್ನೊಂದು ತೀರುವುದಿಲ್ಲ. “ಇದು ಜಾಹೀರಾತು” ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಸುಳ್ಳು ಗುಣವನ್ನು ಹೇಳಿದರೆ ಅದು ಸುಳ್ಳೇ. ನಿಜವಾದ ಗುಣವನ್ನೇ ಹೇಳಿ ಸಂಬಂಧವನ್ನು ಮರೆಮಾಡಿದರೆ ಅದು ವಂಚನೆಯೇ.

ಮೊದಲನೆಯ ಋಣವನ್ನು ನೋಡೋಣ. “ನಾನು ಹಣವನ್ನು ಮುಟ್ಟಿಲ್ಲವಲ್ಲ, ಇದು ಜಾಹೀರಾತು ಹೇಗಾದೀತು?” ಎಂದು ಆಕೆ ಕೇಳಬಹುದು, ಬಹುಮಂದಿ ಕೇಳುವುದೂ ಹೀಗೆಯೇ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯವರು 2023ನೆಯ ಇಸವಿ ಜನವರಿಯಲ್ಲಿ ಇಂತಹವರಿಗಾಗಿಯೇ ಒಂದು ಕೈಪಿಡಿಯನ್ನು ಹೊರಡಿಸಿದರು. ಅದರಂತೆ ಹಣವೊಂದೇ ಲೆಕ್ಕವಲ್ಲ. ಪುಕ್ಕಟೆಯಾಗಿ ಬಂದ ಸರಕು, ರಿಯಾಯಿತಿ, ಉಡುಗೊರೆ, ಖರ್ಚು ಕೊಟ್ಟ ಪ್ರವಾಸ, ಕಂಪನಿಯಲ್ಲಿ ಪಾಲು, ಅಲ್ಲಿಯ ನೌಕರಿ, ಕೊನೆಗೆ ಕುಟುಂಬದ ನಂಟು ಕೂಡ, ಕೇಳುವವರು ಮಾತನ್ನು ತೂಗುವ ರೀತಿಯನ್ನು ಬದಲಿಸಬಹುದಾದುದರಿಂದ, ಹೇಳಲೇಬೇಕಾದ ಸಂಬಂಧವೇ. ನಮ್ಮ ಸೋದರಿಗೆ ಇವುಗಳಲ್ಲಿ ಮೂರು ಸೇರಿವೆ: ಆರು ಸೀಸೆ, ನೂರಕ್ಕೆ ಹತ್ತು, ಮತ್ತು ಒಡಹುಟ್ಟಿದವನು. ಮೂರನೆಯದನ್ನು ಹಳ್ಳಿಯಲ್ಲಿ ಹೇಳಬೇಕಾಗಿಯೇ ಇಲ್ಲ, ಎಲ್ಲರಿಗೂ ಗೊತ್ತಿದೆ. ಆದರೆ ವೀಡಿಯೊವನ್ನು ನೋಡುವವರು ಹುಬ್ಬಳ್ಳಿಯಲ್ಲಿಯೂ ದುಬೈಯಲ್ಲಿಯೂ ಇರುತ್ತಾರೆ.

ಇನ್ನು ಅದನ್ನು ಹೇಳುವ ಬಗೆ. ಹೇಳಿದೆನೆಂಬ ಶಾಸ್ತ್ರಕ್ಕಾಗಿ, ಬರಹದ ಕೊನೆಯಲ್ಲಿ ಇಪ್ಪತ್ತು ಗುರುತುಪದಗಳ ನಡುವೆ #collab ಎಂಬುದೊಂದನ್ನು ತುರುಕುವ ಪದ್ಧತಿಯು ಬೆಳೆದಿದೆ. ಅದು ಸಲ್ಲದು. ಸಂಬಂಧದ ಮಾತು ತಪ್ಪಿಸಿಕೊಳ್ಳಲಾಗದಂತೆ ಎದುರಿಗೇ ಇರಬೇಕು. ಗುರುತುಪದಗಳ ಗುಂಪಿನಲ್ಲಿ ಬೆರೆತಿರಕೂಡದು. ವೀಡಿಯೊ ಆದರೆ ಕಿವಿಗೂ ಕೇಳಬೇಕು, ಕಣ್ಣಿಗೂ ಕಾಣಬೇಕು. ನೇರ ಪ್ರಸಾರವಾದರೆ ಉದ್ದಕ್ಕೂ ಪರದೆಯ ಮೇಲೆ ನಿಂತಿರಬೇಕು. ಮುಖ್ಯವಾಗಿ, ಪ್ರಚಾರದ ಮಾತು ಯಾವ ಭಾಷೆಯಲ್ಲಿದೆಯೋ ಸಂಬಂಧದ ಮಾತೂ ಅದೇ ಭಾಷೆಯಲ್ಲಿರಬೇಕು. ಈ ಕೊನೆಯ ನಿಯಮವು ನಮಗೆ ಬಹಳ ಹಿಡಿಸಿತು. ಕನ್ನಡದಲ್ಲಿ ಮನವೊಲಿಸಿ ಇಂಗ್ಲಿಷಿನಲ್ಲಿ ಎಚ್ಚರಿಸುವುದು ಕರಾರುಪತ್ರದ ಸಣ್ಣಕ್ಷರವಿದ್ದಂತೆ. “ಜಾಹೀರಾತು” ಎಂಬ ಪದವನ್ನು ಅರಿಯದ ಕನ್ನಡಿಗರಿಲ್ಲ, ಅದನ್ನೇ ಬರೆದರಾಯಿತು. ಜಾಹೀರಾತುದಾರರ ಸ್ವನಿಯಂತ್ರಣ ಸಂಸ್ಥೆಯಾದ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯು 2021ರಲ್ಲಿ ಕಾಲದ ಅಳತೆಯನ್ನೂ ಗೊತ್ತುಮಾಡಿತು. 15 ಸೆಕೆಂಡು ಅಥವಾ ಅದಕ್ಕೂ ಕಿರಿದಾದ ವೀಡಿಯೊದಲ್ಲಿ ಈ ಪದವು ಕಡೆಯ ಪಕ್ಷ 3 ಸೆಕೆಂಡು ಕಾಣಬೇಕು. ಅದಕ್ಕಿಂತ ಉದ್ದವಾಗಿ ಎರಡು ನಿಮಿಷದೊಳಗಿದ್ದರೆ ಮೂರನೆಯ ಒಂದು ಭಾಗ. ನಮ್ಮ ಸೋದರಿಯ ಒಂದು ನಿಮಿಷದ ವೀಡಿಯೊಗೆ 20 ಸೆಕೆಂಡು ಎಂದಾಯಿತು.

ಇಂಗ್ಲಿಷಿನ ಗುರುತುಪದವನ್ನು ಹಾಕಿ ಕೈತೊಳೆದುಕೊಳ್ಳುವುದು ಇಲ್ಲಿಯವರದು ಮಾತ್ರವೆಂದು ತಿಳಿಯಬೇಡಿ. ಅಮೆರಿಕದ ವ್ಯಾಪಾರ ಆಯೋಗವು 2023ರ ನವೆಂಬರಿನಲ್ಲಿ ಎರಡು ವ್ಯಾಪಾರಿ ಸಂಘಗಳಿಗೂ, ಅವುಗಳ ಪರವಾಗಿ ಕೃತಕ ಸಿಹಿಯ ಅಥವಾ ಸಕ್ಕರೆಯ ವಿಷಯವಾಗಿ ಮಾತನಾಡಿದ್ದ ಹನ್ನೆರಡು ಮಂದಿ ಆರೋಗ್ಯ ಪ್ರಚಾರಕರಿಗೂ ಎಚ್ಚರಿಕೆಯ ಪತ್ರಗಳನ್ನು ಬರೆಯಿತು. ಆ ಪ್ರಚಾರಕರಲ್ಲಿ ಪದವಿ ಪಡೆದ ಆಹಾರತಜ್ಞರಿದ್ದರು. ಅವರಲ್ಲಿ ಕೆಲವರು ಪ್ರಾಯೋಜಿತವೆಂಬ ಪದವನ್ನು ಬರೆಯದೆ ಇರಲಿಲ್ಲ. ಬರೆದುದು ವೀಡಿಯೊದ ಕೆಳಗಿನ ವಿವರಣೆಯಲ್ಲಿ, ಮತ್ತು ಪ್ರಾಯೋಜಿಸಿದವರು ಯಾರೆಂಬುದನ್ನು ಬಿಟ್ಟು. ಸಕ್ಕರೆಯವರ ಹಣದಿಂದ ಸಕ್ಕರೆಯನ್ನು ಸಮರ್ಥಿಸುವಾಗ ‘ಯಾರ ಹಣ’ ಎಂಬುದೇ ಮುಖ್ಯವಾದ ಸುದ್ದಿಯಲ್ಲವೆ?

ಈಗ ಎರಡನೆಯ ಋಣಕ್ಕೆ ಬರೋಣ. ಇದು ಹೆಚ್ಚು ಭಾರವಾದುದು. ತೆಂಗಿನ ನಾಡಿನಲ್ಲಿ ತೆಂಗಿನೆಣ್ಣೆಯ ವಿಷಯವನ್ನು ಹೇಳುವುದು ಸ್ವಲ್ಪ ಧೈರ್ಯದ ಕೆಲಸವೂ ಹೌದು.

“ಇದರಲ್ಲಿ ಕೊಲೆಸ್ಟರಾಲ್ ಇಲ್ಲ” ಎಂಬುದು ನಿಜ. ಕಡಲೆಕಾಯಿ ಎಣ್ಣೆಯಲ್ಲಿಯೂ ಇಲ್ಲ, ಎಳ್ಳೆಣ್ಣೆಯಲ್ಲಿಯೂ ಇಲ್ಲ. ಕೊಲೆಸ್ಟರಾಲ್ ಗಣನೀಯವಾಗಿರುವುದು ಪ್ರಾಣಿಜನ್ಯವಾದ ಆಹಾರಗಳಲ್ಲಿ. ಎಲ್ಲ ಸಸ್ಯದೆಣ್ಣೆಗಳಿಗೂ ಇರುವ ಗುಣವನ್ನು ಒಂದು ಸೀಸೆಯ ವಿಶೇಷವೆಂದು ಹೇಳಿದರೆ, ಕೇಳಿದವರು ‘ಇದನ್ನು ಕುಡಿದರೆ ನನ್ನ ರಕ್ತದಲ್ಲಿ ಕೊಲೆಸ್ಟರಾಲ್ ಏರದು’ ಎಂದು ಅರ್ಥಮಾಡಿಕೊಳ್ಳುವರು. ಆ ಅರ್ಥವು ತಪ್ಪು. ತೆಂಗಿನೆಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತಲೂ ಹೆಚ್ಚು ಪಾಲು ಸಂತೃಪ್ತ ಕೊಬ್ಬು, ಎಂದರೆ ಚಳಿಯಲ್ಲಿ ಹೆಪ್ಪುಗಟ್ಟುವ ಜಾತಿಯ ಕೊಬ್ಬು. ಇದು ಈಲಿಯಲ್ಲಿ, ರಕ್ತದಿಂದ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು ಹೀರಿಕೊಳ್ಳುವ ಕೆಲಸವನ್ನು ಕುಂದಿಸುವುದು. 2020ರಲ್ಲಿ, ಜನರ ಮೇಲೆ ನಡೆದ 16 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಮರ್ಶೆಯು ಹೃದ್ರೋಗ ತಜ್ಞರ ಪತ್ರಿಕೆಯಾದ ‘ಸರ್ಕ್ಯುಲೇಷನ್’ನಲ್ಲಿ ಪ್ರಕಟವಾಯಿತು. ಉಷ್ಣವಲಯದವಲ್ಲದ ಇತರ ಸಸ್ಯದೆಣ್ಣೆಗಳನ್ನು ತಿಂದವರಿಗಿಂತ ತೆಂಗಿನೆಣ್ಣೆಯನ್ನು ತಿಂದವರಲ್ಲಿ ಎಲ್‌ಡಿಎಲ್ ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಹೆಚ್ಚಾಗಿತ್ತು. ಒಳ್ಳೆಯದೆನ್ನುವ ಎಚ್‌ಡಿಎಲ್ ಸುಮಾರು 4 ಮಿಲಿಗ್ರಾಂ ಏರಿತ್ತು. ತೂಕದಲ್ಲಾಗಲಿ, ರಕ್ತದ ಸಕ್ಕರೆಯಲ್ಲಾಗಲಿ ಗಣನೀಯವಾದ ಭೇದವು ಕಾಣಲಿಲ್ಲ. ಪ್ರಚಾರಕರು ಇದರಲ್ಲಿ ನಾಲ್ಕನ್ನು ಮಾತ್ರ ಆರಿಸಿಕೊಂಡು ಹತ್ತನ್ನು ಬಿಡುವುದುಂಟು.

ನ್ಯಾಯವಾಗಿ ಈ ಪರೀಕ್ಷೆಗಳ ಮಿತಿಯನ್ನೂ ಹೇಳಬೇಕು. ಅವು ಅಳೆದುದು ರಕ್ತದ ಅಂಶಗಳನ್ನು, ಹೃದಯಾಘಾತಗಳನ್ನಲ್ಲ. ಮತ್ತು ಹುಳಿಗೂ ಪಲ್ಯಕ್ಕೂ ಕಾಯಿತುರಿಯನ್ನು ಹಾಕಿಕೊಂಡು ಉಣ್ಣುವ ನಮ್ಮ ಮನೆಯೂಟವೇ ಬೇರೆ, ನಾರಿಲ್ಲದ ಎಣ್ಣೆಯನ್ನು ಚಮಚದಲ್ಲಿ ಅಳೆದು ಕುಡಿಯುವುದೇ ಬೇರೆ. ಒಂದರ ಮೇಲಿನ ಮಾತನ್ನು ಇನ್ನೊಂದರ ಮೇಲೆ ಹೇರಬಾರದು. ತೆಂಗು ವಿಷವೆಂದು ಯಾರೂ ಹೆದರಬೇಕಾಗಿಲ್ಲ. ಔಷಧವೆಂದು ನಂಬಬೇಕಾಗಿಯೂ ಇಲ್ಲ.

“ಹೃದಯಕ್ಕೆ ಹಿತ” ಎಂಬ ಮಾತಿಗೆ ವಿಜ್ಞಾನದವರೆಗೂ ಹೋಗಬೇಕಾಗಿಲ್ಲ. ಖಾದ್ಯ ತೈಲಗಳ ಜಾಹೀರಾತಿನಲ್ಲಿ ಬಳಸಕೂಡದ ಪದಗಳ ಪಟ್ಟಿಯೊಂದನ್ನು ನಮ್ಮ ಆಹಾರ ನಿಯಮಗಳು ಕೊಟ್ಟಿದ್ದವು. “ಕೊಲೆಸ್ಟರಾಲ್ ನಿವಾರಕ”, “ಹೃದಯಕ್ಕೆ ಹಿತಕರ” ಎಂಬ ಅರ್ಥದ ಇಂಗ್ಲಿಷ್ ನುಡಿಗಟ್ಟುಗಳು ಅದರಲ್ಲಿ ಹೆಸರು ಹೇಳಿ ನಿಷಿದ್ಧವಾಗಿದ್ದವು. “ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ” ಎಂಬುದಂತೂ ಇನ್ನೂ ಮುಂದೆ ಹೋದ ಮಾತು. ಆಹಾರಪದಾರ್ಥವೊಂದು ರೋಗವನ್ನು ತಡೆಯುವುದೆಂದೋ ವಾಸಿಮಾಡುವುದೆಂದೋ, ಪ್ರತ್ಯೇಕವಾದ ಅನುಮತಿಯಿಲ್ಲದೆ ಹೇಳುವುದನ್ನು 2018ರ ಜಾಹೀರಾತು ಮತ್ತು ಗುಣಪ್ರತಿಪಾದನೆಯ ನಿಯಮಗಳು ಒಪ್ಪುವುದಿಲ್ಲ. ತಮ್ಮನ ಸೀಸೆಯ ಮೇಲೆ ಆಹಾರ ಪ್ರಾಧಿಕಾರದವರ 14 ಅಂಕಿಯ ಸಂಖ್ಯೆಯಿರಬಹುದು. ಅದು ಆಹಾರವನ್ನು ತಯಾರಿಸಿ ಮಾರುವುದಕ್ಕೆ ಕೊಟ್ಟ ಅಪ್ಪಣೆಯೇ ಹೊರತು, ಎಣ್ಣೆಯ ಮಹಿಮೆಗೆ ಒತ್ತಿದ ಮುದ್ರೆಯಲ್ಲ. ಆ ಸಂಖ್ಯೆಯನ್ನು ಕ್ಯಾಮೆರಾದ ಮುಂದೆ ಹಿಡಿದು “ಸರ್ಕಾರವೇ ಒಪ್ಪಿದೆ” ಎನ್ನುವವರನ್ನು ಕಂಡರೆ ಈ ಭೇದವನ್ನು ನೆನೆಯಬೇಕು.

ಉಳಿದುದು ಆರು ಕಿಲೋ. ಎರಡು ದೊಡ್ಡ ಚಮಚವೆಂದರೆ ಸುಮಾರು 27 ಗ್ರಾಂ ಎಣ್ಣೆ, 240 ಕ್ಯಾಲೊರಿ. ಸಾಧಾರಣ ಗಾತ್ರದ ಒಂದು ರಾಗಿಮುದ್ದೆಗೆ ಹೆಚ್ಚುಕಡಮೆ ಸಮ. ದಿನದ ಊಟವನ್ನು ಹಾಗೆಯೇ ಇಟ್ಟುಕೊಂಡು ಇದನ್ನು ಮೇಲೆ ಸೇರಿಸಿದರೆ ತೂಕವು ಏರಬೇಕೇ ವಿನಾ ಇಳಿಯಲಾರದು. ಹಾಗಾದರೆ ಎಣ್ಣೆಯಿಂದ ಇಳಿಯುವುದೆಂಬ ಪ್ರತೀತಿಯು ಎಲ್ಲಿಂದ ಬಂದಿತು? ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಮೇರಿ ಪಿಯರ್ ಸೇಂಟ್-ಆಂಜ್ ಎಂಬ ವಿದುಷಿಯು ಮಧ್ಯಮ ಸರಪಳಿಯ ಕೊಬ್ಬುಗಳನ್ನು ಕುರಿತು ನಡೆಸಿದ ಪ್ರಯೋಗಗಳಿಂದ. ಆಕೆ ಬಳಸಿದುದು ವಿಶೇಷವಾಗಿ ತಯಾರಿಸಿದ, ಪೂರಾ ಅಂತಹುದೇ ಕೊಬ್ಬಿನ ಎಣ್ಣೆ. ತೆಂಗಿನೆಣ್ಣೆಯಲ್ಲಿ ಆ ಜಾತಿಯ ಗಿಡ್ಡ ಕೊಬ್ಬು ನೂರಕ್ಕೆ ಹದಿನಾಲ್ಕರಷ್ಟು ಮಾತ್ರ. ಹೆಚ್ಚಿನ ಪಾಲು ಲಾರಿಕ್ ಆಮ್ಲ, ಅದು ಮೈಯಲ್ಲಿ ಬಹುಮಟ್ಟಿಗೆ ಉದ್ದ ಕೊಬ್ಬಿನಂತೆಯೇ ನಡೆದುಕೊಳ್ಳುವುದು. ತನ್ನ ಪ್ರಯೋಗವನ್ನು ತೆಂಗಿನೆಣ್ಣೆಗೆ ಅನ್ವಯಿಸಿದುದು ಸರಿಯಲ್ಲವೆಂದು ಆಕೆಯೇ ಹೇಳಿದ್ದಾಳೆ. ‘ಸಂಶೋಧನೆ ಹೇಳುತ್ತದೆ’ ಎಂಬ ಮಾತನ್ನು ಕೇಳಿದಾಗ, ಪರೀಕ್ಷಿಸಿದ ವಸ್ತುವೂ ಸೀಸೆಯೊಳಗಿನ ವಸ್ತುವೂ ಒಂದೆಯೆ ಎಂದು ವಿಚಾರಿಸುವುದಕ್ಕೆ ಇದು ಸಾಕಾದ ಉದಾಹರಣೆ.

ನಮ್ಮ ಸೋದರಿಯು ಆ ಮೂರು ತಿಂಗಳಲ್ಲಿ ಎಣ್ಣೆಯ ಜೊತೆಗೆ ದಿನಕ್ಕೆ ಒಂದು ಗಂಟೆ ನಡೆದಿದ್ದಳು, ರಾತ್ರಿಯ ಅನ್ನವನ್ನು ಬಿಟ್ಟಿದ್ದಳು, ಕಾಫಿಗೆ ಸಕ್ಕರೆಯನ್ನು ನಿಲ್ಲಿಸಿದ್ದಳು ಎಂದಿಟ್ಟುಕೊಳ್ಳಿ. ಇವುಗಳನ್ನು ಹೇಳದೆ ಎಣ್ಣೆಯೊಂದನ್ನು ಹೇಳಿದರೆ, ತನ್ನ ಅನುಭವವೇ ಆದರೂ ಅದು ಅರ್ಧ ಸತ್ಯ.

ಹಾಗಾದರೆ ಆಕೆ ಬಾಯಿ ಮುಚ್ಚಿಕೊಂಡಿರಬೇಕೆ? ಬೇಕಿಲ್ಲ. ತಮ್ಮನ ಎಣ್ಣೆಯಲ್ಲಿ ಹೇಳತಕ್ಕ ಗುಣಗಳು ಇಲ್ಲದೆ ಇಲ್ಲ. ಹೀಗೆ ಹೇಳಬಹುದು:

“ಇದು ಜಾಹೀರಾತು. ಈ ಎಣ್ಣೆಯನ್ನು ಮಾಡುವವನು ನನ್ನ ತಮ್ಮ. ನನಗೆ ಸೀಸೆಗಳನ್ನು ಪುಕ್ಕಟೆಯಾಗಿ ಕೊಡುತ್ತಾನೆ. ನನ್ನ ಸಂಕೇತದಿಂದ ನೀವು ಕೊಂಡರೆ ನೂರು ರೂಪಾಯಿಗೆ ಹತ್ತು ರೂಪಾಯಿ ನನಗೆ ಬರುತ್ತದೆ. ಹಾಲ್ಕುರಿಕೆಯ ನಮ್ಮ ತೋಟದ ಹಸಿ ಕಾಯಿಯ ಹಾಲಿನಿಂದ ತೆಗೆದುದು, ಕೊಬ್ಬರಿಯಿಂದಲ್ಲ. ಪರಿಮಳವು ಚೆನ್ನಾಗಿದೆ, ಅವಿಯಲಿಗೂ ಚಟ್ನಿಯ ಒಗ್ಗರಣೆಗೂ ನಾನು ಇದನ್ನೇ ಬಳಸುತ್ತೇನೆ. ಇದೂ ಕೊಬ್ಬೇ, ಅಳತೆಯಲ್ಲಿ ಬಳಸಿರಿ. ಕೊಲೆಸ್ಟರಾಲ್ ಹೆಚ್ಚಿರುವವರು ವೈದ್ಯರನ್ನು ಕೇಳದೆ ಇದನ್ನು ಹೆಚ್ಚಿಸಬೇಡಿ. ನಾನು ಯೋಗ ಶಿಕ್ಷಕಿ, ವೈದ್ಯಳಲ್ಲ.”

ಕೊನೆಯ ವಾಕ್ಯವು ವಿನಯಕ್ಕಾಗಿ ಹೇಳಿದುದಲ್ಲ. 2023ರ ಆಗಸ್ಟಿನಲ್ಲಿ ಅದೇ ಇಲಾಖೆಯವರು ಆರೋಗ್ಯದ ಪ್ರಚಾರಕರಿಗೆಂದೇ ಹೆಚ್ಚಿನ ಸೂಚನೆಗಳನ್ನು ಕೊಟ್ಟರು. ಪ್ರಮಾಣಪತ್ರವುಳ್ಳವರು ತಮ್ಮ ಅರ್ಹತೆಯನ್ನು ತಿಳಿಸಬೇಕು. ಆರೋಗ್ಯತಜ್ಞರಂತೆ ಮಾತನಾಡುವವರು, ತಮ್ಮ ಮಾತು ವೈದ್ಯರ ಸಲಹೆಗೆ ಬದಲಲ್ಲವೆಂದು ಸ್ಪಷ್ಟಪಡಿಸಬೇಕು. ನೀರು ಕುಡಿಯಿರಿ, ವ್ಯಾಯಾಮ ಮಾಡಿರಿ ಎಂಬಂತಹ, ಯಾವ ಸರಕಿಗೂ ರೋಗಕ್ಕೂ ಅಂಟದ ಹಿತವಚನಕ್ಕೆ ಈ ಕಟ್ಟಿಲ್ಲ. ಯೋಗದ ಪ್ರಮಾಣಪತ್ರವು ಆಸನವನ್ನು ಕಲಿಸುವುದಕ್ಕೆ ಅರ್ಹತೆ. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಅಲ್ಲ. ಅದನ್ನು ಗೋಡೆಗೆ ತೂಗುಹಾಕಿ ಅದರ ಮುಂದೆ ನಿಂತು ಸಕ್ಕರೆ ಕಾಯಿಲೆಯನ್ನು ಕುರಿತು ಮಾತನಾಡಿದರೆ, ಬಾಯಿಬಿಟ್ಟು ಸುಳ್ಳಾಡದೆಯೇ ತಪ್ಪು ನಂಬಿಕೆಯನ್ನು ಹುಟ್ಟಿಸಿದಂತಾಗುವುದು.

ಹೀಗೆ ಹೇಳಿದರೆ ಸೀಸೆಗಳು ಕಡಮೆ ಖರ್ಚಾದಾವು ಎಂದು ತಮ್ಮನು ಗೊಣಗಬಹುದು. ಆಗಬಹುದು. ಆದರೆ ಇನ್ನೊಂದು ಪಕ್ಷವನ್ನೂ ಆತನು ಅರಿಯಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 21ನೆಯ ಪ್ರಕರಣದಂತೆ, ತಪ್ಪುದಾರಿಗೆಳೆಯುವ ಜಾಹೀರಾತಿಗಾಗಿ ತಯಾರಕನಿಗೂ, ಅದನ್ನು ಸಮರ್ಥಿಸಿ ಮಾತನಾಡಿದವರಿಗೂ, ಹತ್ತು ಲಕ್ಷ ರೂಪಾಯಿಯವರೆಗೆ ದಂಡವನ್ನು ವಿಧಿಸಲು ಕೇಂದ್ರ ಪ್ರಾಧಿಕಾರಕ್ಕೆ ಅಧಿಕಾರವಿದೆ. ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ. ಮಾತನಾಡಿದವರನ್ನು ಒಂದು ವರ್ಷದವರೆಗೆ ಯಾವ ಸರಕನ್ನೂ ಪ್ರಚಾರಮಾಡದಂತೆ ತಡೆಯಬಹುದು. ಪತಂಜಲಿ ಸಂಸ್ಥೆಯ ಜಾಹೀರಾತುಗಳನ್ನು ಕುರಿತು ಭಾರತೀಯ ವೈದ್ಯಕೀಯ ಸಂಘವು ಹೂಡಿದ್ದ ಮೊಕದ್ದಮೆಯಲ್ಲಿ, 2024ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವೂ ಪ್ರಚಾರ ಮಾಡಿದವರು ತಯಾರಕರಷ್ಟೇ ಹೊಣೆಗಾರರೆಂದು ಹೇಳಿತು. ಹಳ್ಳಿಯ ಸಣ್ಣ ಪ್ರಚಾರಕಿಯೊಬ್ಬಳ ಮೇಲೆ ಹತ್ತು ಲಕ್ಷದ ದಂಡವು ಬೀಳುವುದೆಂದು ನಾವು ಬೆದರಿಸುತ್ತಿಲ್ಲ. ಹೊಣೆಯು ಯಾರದೆಂಬುದನ್ನು ಹೇಳುತ್ತಿದ್ದೇವೆ.

ಅದೇ ಪ್ರಕರಣದಲ್ಲಿ ಒಂದು ಕಾಪೂ ಇದೆ. ಹೇಳುವುದಕ್ಕೆ ಮುಂಚೆ ಆ ಗುಣವು ನಿಜವೆ ಎಂದು ತಕ್ಕ ಎಚ್ಚರಿಕೆಯಿಂದ ವಿಚಾರಿಸಿದ್ದವರಿಗೆ ದಂಡವಿಲ್ಲ. ಆದುದರಿಂದ ಮಾರ್ಗದರ್ಶಿಯಾದವಳು ಒಂದು ಕಡತವನ್ನು ಇಟ್ಟುಕೊಳ್ಳುವುದು ಲೇಸು: ತಯಾರಕನು ಏನೇನು ಹೇಳೆಂದನೋ ಅದರ ಪತ್ರ, ಪ್ರಯೋಗಶಾಲೆಯ ವರದಿ, ಯಾವ ಮಾತಿಗೆ ಯಾವ ಆಧಾರ, ಏನು ಕೊಟ್ಟರು ಎಂಬ ಲೆಕ್ಕ. ಆಧಾರವು ಸಿಕ್ಕದ ಮಾತನ್ನು ಬಿಟ್ಟುಬಿಡುವುದು. ಪ್ರಯೋಗಶಾಲೆಯ ವರದಿಯಿಂದ ಎಣ್ಣೆಯು ಕಲಬೆರಕೆಯಿಲ್ಲದುದೆಂದು ತಿಳಿಯಬಹುದು. ಅದರಿಂದ ಯಾರ ಕಾಯಿಲೆ ವಾಸಿಯಾಯಿತೆಂದು ತಿಳಿಯದು.

ವೀಡಿಯೊವನ್ನು ನೋಡುವ ಸಾವಿರಾರು ಮಂದಿಗಿಂತ, ಶುಲ್ಕವನ್ನು ಕೊಟ್ಟು ಆಕೆಯನ್ನು ಅನುಸರಿಸುವ ಮೂವತ್ತು ನಲವತ್ತು ಮಂದಿಯ ವಿಷಯವು ನಮಗೆ ಹೆಚ್ಚು ಚಿಂತೆಗೆ ಕಾರಣವಾಗಿದೆ. ಅವರು ಆಕೆಯನ್ನು ‘ಮೇಡಂ’ ಎನ್ನುವರು, ತಮ್ಮ ರಕ್ತಪರೀಕ್ಷೆಯ ಕಾಗದಗಳನ್ನು ಕಳುಹುವರು. ಅವರಲ್ಲಿ ಒಬ್ಬರು ಐವತ್ತು ದಾಟಿದ, ಕೊಲೆಸ್ಟರಾಲಿಗೆ ಮಾತ್ರೆಯನ್ನು ತೆಗೆದುಕೊಳ್ಳುತ್ತಿರುವ ಗೃಹಸ್ಥರಾಗಿದ್ದು, “ಮೇಡಂ, ಎಣ್ಣೆಯನ್ನು ಶುರುಮಾಡಿದ ಮೇಲೆ ಮಾತ್ರೆಯನ್ನು ನಿಲ್ಲಿಸಲೆ?” ಎಂದು ಕೇಳಿದರೆ, ಉತ್ತರವು ಒಂದೇ: “ಬೇಡ ಸಾರ್, ಮಾತ್ರೆಯ ಮಾತು ನಿಮ್ಮ ಡಾಕ್ಟರದು. ಎಣ್ಣೆಯನ್ನು ಕುಡಿಯುವುದನ್ನು ಈಗ ನಿಲ್ಲಿಸಿ, ಹಾಗೆ ಕುಡಿಯುತ್ತಿದ್ದೆನೆಂಬುದನ್ನು ಅವರಿಗೆ ತಿಳಿಸಿ.” ಇಲ್ಲಿ ಆಕೆಗೆ ನೂರಕ್ಕೆ ಹತ್ತು ನಷ್ಟವಾಗುವುದು ನಿಜವೇ. ಖಾಸಗಿ ಸಂದೇಶದಲ್ಲಿ ಎಣ್ಣೆಯನ್ನು ಸೂಚಿಸುವಾಗಲೂ, ತನಗೆ ಬರುವ ಪಾಲನ್ನು ಆಕೆ ಬಾಯಿಬಿಟ್ಟು ಹೇಳಬೇಕು. ವೀಡಿಯೊದಲ್ಲಿ ಹೇಳಿಯಾಯಿತೆಂದು ಬಿಡಬಾರದು. ಬೇಕಾದವರು ತಿಪಟೂರಿನ ಯಾವ ಅಂಗಡಿಯಲ್ಲಾದರೂ ಬೇರೆ ಎಣ್ಣೆಯನ್ನು ಕೊಳ್ಳಬಹುದೆಂದೂ ಸೇರಿಸಿದರೆ ಇನ್ನೂ ಒಳ್ಳೆಯದು.

ಓದುಗರಲ್ಲಿ ಇಂತಹ ವೀಡಿಯೊಗಳನ್ನು ನೋಡಿ ಮೋಸಹೋದವರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಗೆ ದೂರು ಕೊಡಬಹುದು. ವೀಡಿಯೊವನ್ನು ಅಳಿಸಿಹಾಕುವುದು ಸುಲಭವಾದುದರಿಂದ, ದೂರುವ ಮುನ್ನ ಅದರ ಚಿತ್ರವನ್ನೂ ದಿನಾಂಕವನ್ನೂ ಹಿಡಿದಿಟ್ಟುಕೊಳ್ಳಿರಿ. ಇನ್ನು ನಮ್ಮ ಸೋದರಿಯಂತಹವರು ಇಂದಿನಿಂದ ಸರಿಯಾಗಿ ಮಾತನಾಡಲಾರಂಭಿಸಿದರೂ, ಹಳೆಯ ವೀಡಿಯೊಗಳು ದಿನವೂ ಹೊಸಬರ ಕಣ್ಣಿಗೆ ಬೀಳುತ್ತಲೇ ಇರುವವು. ಸಂಬಂಧವನ್ನು ಹೇಳದಿದ್ದ ತಪ್ಪು ಮಾತ್ರ ಇರುವಂತಹವುಗಳಿಗೆ “ಜಾಹೀರಾತು” ಎಂಬ ಪದವನ್ನೂ ತಮ್ಮನ ನಂಟನ್ನೂ ಸೇರಿಸಿ ಪುನಃ ಹಾಕಬಹುದು. ಸಕ್ಕರೆ ಕಾಯಿಲೆಯ ಮಾತಿರುವುದನ್ನು ತೆಗೆದುಹಾಕಿ, ಏಕೆ ತೆಗೆದೆನೆಂಬುದನ್ನು ಅದನ್ನು ನೋಡಿದ್ದವರಿಗೆ ಒಂದು ಹೊಸ ವೀಡಿಯೊದಲ್ಲಿ ಹೇಳಬೇಕು.